ಇಮೇಲಿನಲ್ಲಿ ಒಪ್ಪಿಕೊಂಡ ತಪ್ಪು

ಮಧ್ಯಾಹ್ನದ ಗಂಜಿಗೆ ಒಗ್ಗರಣೆ ಚಟ್ನಿ ಮಾಡಿ ಇನ್ನೂ ಬಾಣಲೆ ಕೆಳಗಿಳಿಸಿರಲಿಲ್ಲ, ಮಗಳು ಮೊಬೈಲು ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಮುಖ ನೋಡಿಯೇ ನಾನು ಒಲೆ ಆರಿಸಿದೆ.

"ಅಮ್ಮ, ವೀಸಾದೋರ್ ಮೇಲ್ ಹಾಕಿರ್. ಪಾಸ್‌ಪೋರ್ಟಲ್ಲಿಪ್ಪ ಹೆಸ್ರೇ ಬೇರೆ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿಪ್ಪುದೇ ಬೇರೆ ಅಂಬ್ರ್. ಎಂತಕ್ಕೆ ಹೀಂಗ್ ಅಂದೇಳಿ ಬರ್ದ್ ಕಳ್ಸಿ, ಅಲ್ಲೀವರಿಗೆ ಅರ್ಜಿ ಮುಂದೆ ಹೋಪುದಿಲ್ಲ ಅಂದ್ ಹಾಕಿರ್."

ಅವಳು ಪಿಯುಸಿ ಮುಗಿಸಿ, ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಜರ್ಮನ್ ಭಾಷೆ ಕಲಿತು ಪರೀಕ್ಷೆ ಪಾಸು ಮಾಡಿಕೊಂಡು ಬಂದಿದ್ದಳು. ಜರ್ಮನಿಯ ಒಂದು ವೃದ್ಧಾಶ್ರಮದವರು ಸಂಬಳ ಕೊಟ್ಟು ನರ್ಸಿಂಗ್ ಕಲಿಸುತ್ತೇವೆಂದು ಕರಾರುಪತ್ರ ಕಳಿಸಿದ್ದರು. ಮೂರು ವರ್ಷದ ತರಬೇತಿ. ಶುರುವಾಗುವ ದಿನವೂ ಅದರಲ್ಲೇ ಇತ್ತು. ಅಷ್ಟರೊಳಗೆ ವೀಸಾ ಆಗದಿದ್ದರೆ ಜಾಗ ಬೇರೆಯವರಿಗೆ ಹೋಗುತ್ತದೆ. ಹೀಗಾಗಿ ನಮ್ಮ ಹೆಮ್ಮಾಡಿಯ ಮನೆಯಲ್ಲಿ ಆ ದಿನಗಳಲ್ಲಿ ಏನು ಮಾತು ಎತ್ತಿದರೂ ಅದು ಕೊನೆಗೆ ವೀಸಾಕ್ಕೇ ಬಂದು ನಿಲ್ಲುತ್ತಿತ್ತು.

ಹೆಸರಿನ ಕತೆ ಇಷ್ಟೇ. ಹುಟ್ಟಿದ ದಾಖಲೆ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಅವಳ ಹೆಸರು ಇಂಗ್ಲಿಷಿನಲ್ಲಿ ಒಂದೇ ಥರ ಇದೆ. ಭಾಷೆಯ ಸರ್ಟಿಫಿಕೇಟು, ಕರಾರುಪತ್ರ ಪಾಸ್‌ಪೋರ್ಟ್ ನೋಡಿ ಮಾಡಿದ್ದು, ಅವೂ ಹಾಗೆಯೇ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಮಾತ್ರ ನಡುವೆ ಒಂದು ಎಚ್, ಕೊನೆಗೆ ಒಂದು ಎ ಜಾಸ್ತಿ. ಪಿಯುಸಿಯವರು ಅದನ್ನೇ ನೋಡಿ ಬರೆದುಕೊಂಡರು. ಕನ್ನಡದಲ್ಲಿ ಕರೆಯುವಾಗ ಎರಡೂ ಒಂದೇ. ಇಷ್ಟು ವರ್ಷ ಯಾರಿಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ, ನಮಗೂ.

ಮಗಳು ಅವತ್ತೇ ಕೂತು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದಳು. ನನಗೆ ಕನ್ನಡದಲ್ಲಿ ಓದಿ ಹೇಳಿದಳು: ನನ್ನ ಹೆಸರು ಪಾಸ್‌ಪೋರ್ಟಿನಲ್ಲಿರುವುದು, ಶಾಲೆಯ ಕಾರ್ಡಿನಲ್ಲಿ ಇಂಗ್ಲಿಷ್ ಅಕ್ಷರ ಬೇರೆಯಾಗಿ ಬಿದ್ದಿದೆ, ಎರಡೂ ಹೆಸರಿನವಳು ಒಬ್ಬಳೇ ಎಂಬುದಕ್ಕೆ ನೋಟರಿ ಪ್ರಮಾಣಪತ್ರ ಲಗತ್ತಿಸಿದ್ದೇನೆ. ನನಗೆ ಸರಿ ಕಂಡಿತು. ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದ ನಮ್ಮನೆಯವರಿಗೆ ಸರಿ ಕಾಣಲಿಲ್ಲ. ಅವರು ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು ತಂದು ಹೆಮ್ಮಾಡಿ ಪೇಟೆಯಲ್ಲಿ ಮಾರುವವರು, ಮಾತು ಕಡಿಮೆ.

"ಹಂಗಾರೆ ಶಾಲಿಯೋರ್ ತಪ್ ಮಾಡಿರ್ ಅಂದ್ ಬರ್ದಂಗಾತ್ತಲೆ ಮಗಾ?"

"ತಪ್ಪ್ ಅಂದ್ ಎಲ್ ಬರ್ದಿದೆ ಅಪ್ಪಯ್ಯ? ಅಕ್ಷರ ಬೇರೆ ಬಿದ್ದಿತ್ ಅಂದೆ."

"ಬಿದ್ದದ್ ಅಂದ್ರೆ ಬೀಳ್ಸಿದೋರ್ ಯಾರೋ ಇರ್ಕಲೆ. ಸರ್ಕಾರಿ ಶಾಲಿ, ಸರ್ಕಾರಿ ಬೋರ್ಡ್. ಅವ್ರ್ ಮ್ಯಾಲ್ ನಾವ್ ಹಾಕುದ್ ಬ್ಯಾಡ. ಕೇಂಬೋರ್ ನಾವ್, ಕೊಡೋರ್ ವೀಸಾದೋರ್. ತಪ್ಪ್ ನಮ್ದೇ ಅಂದ್ರೆ ಅವ್ರಿಗೂ ಮನ್ಸ್ ಕರಗತ್ತ್."

ಇದು ಇವರೊಬ್ಬರ ಮಾತಲ್ಲ. ನಮ್ಮ ಕಡೆ ಅರ್ಜಿ ಎಂದರೆ ಹಾಗೆಯೇ. ರೇಷನ್ ಕಾರ್ಡಿನಲ್ಲಿ ಒಬ್ಬರ ಹೆಸರು ಬಿಟ್ಟುಹೋದರೂ 'ನಮ್ಮ ತಿಳಿವಳಿಕೆ ಇಲ್ಲದೆ ಆದ ತಪ್ಪನ್ನು ಮನ್ನಿಸಿ' ಎಂದೇ ಬರೆಸುತ್ತೇವೆ. ಬಿಟ್ಟವರು ಮೇಜಿನ ಆ ಕಡೆ ಕೂತಿರುತ್ತಾರೆ, ಮನ್ನಿಸುವವರೂ ಅವರೇ. ಕೆಲಸ ಆಗುತ್ತದೆ, ನಾವು ಬಸ್ಸು ಹತ್ತಿ ಬರುತ್ತೇವೆ.

ಮರುದಿನ ನಾನೂ ಮಗಳೂ ಕುಂದಾಪುರಕ್ಕೆ ಹೋದೆವು. ನೋಟರಿ ವಕೀಲರ ಆಫೀಸಿನ ಕೆಳಗೆ ಟೈಪಿಂಗ್ ಅಂಗಡಿ. ಅಂಗಡಿಯವರು ನಮ್ಮನೆಯವರ ಪರಿಚಯ, ನಮ್ಮ ಮನೆಯ ಕರೆಂಟು ಅರ್ಜಿಯಿಂದ ಹಿಡಿದು ಎಲ್ಲ ಬರೆದುಕೊಟ್ಟವರು. ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಚೆನ್ನಾಗಿಯೇ ಆಯಿತು. ಎರಡೂ ಹೆಸರು ಬರೆದು, ಈ ಎರಡೂ ಹೆಸರಿನ ವ್ಯಕ್ತಿ ಒಬ್ಬಳೇ ಎಂದು ಮಗಳು ಸಹಿ ಮಾಡಿದಳು, ಮೇಲೆ ನೋಟರಿ ಮೊಹರು ಬಿತ್ತು. ಆಮೇಲೆ ಇಮೇಲಿನ ಮಾತು ಬಂತು. ಅಷ್ಟರಲ್ಲೇ ಇವರ ಫೋನು ಅಂಗಡಿಯವರಿಗೆ ಬಂದಾಗಿತ್ತು.

"ಅಕ್ಕಾ, ಹೆಣ್ ಬರ್ದದ್ ಸಮಾ ಇತ್ತ್, ಆರೆ ಒಣ ಒಣ ಆಯ್ತ್," ಎಂದು ಅವರು ಕನ್ನಡಕ ಸರಿಮಾಡಿಕೊಂಡರು. "ಸ್ವಲ್ಪ ಮರ್ಯಾದಿ ಹಾಕುವ."

ಮರ್ಯಾದೆ ಹಾಕಿದರು. ಮಾನ್ಯರೇ ಎಂದು ಶುರುವಾಗಿ, ಪಾಸ್‌ಪೋರ್ಟ್ ಮಾಡಿಸುವಾಗ ನಮ್ಮ ಅಜಾಗರೂಕತೆಯಿಂದ ಹೆಸರಿನಲ್ಲಿ ತಪ್ಪಾಗಿದೆ, ದಯವಿಟ್ಟು ಕ್ಷಮಿಸಿ ಎಂದು ಮುಗಿಯಿತು. ಎಲ್ಲ ಇಂಗ್ಲಿಷಿನಲ್ಲಿ. ಮಗಳು ಎರಡು ಸಲ "ಇದ್ ಬ್ಯಾಡ ಮಾಮ" ಅಂದಳು. ಅವರು ನಕ್ಕರು. "ನಾನ್ ಬರ್ದ ಅರ್ಜಿ ಒಂದೂ ವಾಪಸ್ ಬರ್ಲಿಲ್ಲ ಮಾರಾಯ್ತಿ. ಬಂದ್ರೆ ಅಂಗ್ಡಿ ಬಾಗ್ಲ್ ಹಾಕ್ತೆ." ಅವಳ ಫೋನಿನಿಂದಲೇ, ಅರ್ಜಿಯಲ್ಲಿ ಕೊಟ್ಟ ಇಮೇಲಿನಿಂದಲೇ ಹೋಯಿತು. ಬರುವಾಗ ಅವಳು ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ನಾನು ಬಸಳೆ ಕಟ್ಟು ತೊಡೆಯ ಮೇಲಿಟ್ಟುಕೊಂಡು, ಸಿಗಡಿ ಇದ್ದರೆ ಸಂಜೆ ಇದರದ್ದೇ ಹುಳಿ ಎಂದು ಲೆಕ್ಕ ಹಾಕುತ್ತಿದ್ದೆ.

ಉತ್ತರ ಬಂತು. ವಿನಯವಾಗಿಯೇ ಇತ್ತು. ನಿಮ್ಮ ಪಾಸ್‌ಪೋರ್ಟಿನಲ್ಲಿ ಹೆಸರು ತಪ್ಪಾಗಿದೆ ಎಂದು ನೀವು ತಿಳಿಸಿದ್ದೀರಿ, ಆದ್ದರಿಂದ ಸರಿಪಡಿಸಿದ ಪಾಸ್‌ಪೋರ್ಟನ್ನು ಸಲ್ಲಿಸಿ.

ಮಗಳು ಅದನ್ನು ಗಟ್ಟಿಯಾಗಿ ಓದಲಿಲ್ಲ. ಚಾಪೆಯ ಮೇಲೆ ಕಾಗದಗಳನ್ನೆಲ್ಲ ಎರಡು ಸಾಲಾಗಿ ಇಟ್ಟು ನನ್ನನ್ನು ಕರೆದಳು. ಈಚೆ ಸಾಲಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ. ಆಚೆ ಸಾಲಿನಲ್ಲಿ ಉಳಿದದ್ದೆಲ್ಲ.

"ಕಾಣ್ ಅಮ್ಮ. ಪಾಸ್‌ಪೋರ್ಟ್ ಶಾಲಿ ಹೆಸ್ರಿಗೆ ಮಾಡ್ಸುದಾರೆ ಮೊದ್ಲ್ ಆಧಾರ್ ತಿದ್ಸ್ಕ್. ಹೊಸ ಪಾಸ್‌ಪೋರ್ಟಿಗೆ ನಂಬ್ರವೇ ಬೇರೆ. ಆಗ ಭಾಷೆ ಸರ್ಟಿಫಿಕೇಟ್, ಕರಾರು ಎಲ್ಲ ಹಳೇ ಹೆಸ್ರಲ್ ಉಳೀತ್ತ್. ಮತ್ ಅವ್ರ್ ಮೇಲ್ ಹಾಕ್ತ್ರ್, ಇದ್ ಎಂತಕ್ಕೆ ಬೇರೆ ಅಂದ್ಕಂಡ್."

"ಮಾರ್ಕ್ಸ್ ಕಾರ್ಡೇ ತಿದ್ಸಿರೆ?"

"ಶಾಲಿಯಿಂದ ಬೋರ್ಡಿಗೆ ಹೋಯ್ಕ್. ತಿಂಗ್ಳುಗಟ್ಲೆ. ಆ ಮೇಲೆ ಪಿಯುಸಿದ್."

ಆ ಎರಡು ಸಾಲಿನ ನಡುವೆ ಅವಳು ಕಾಲು ಮಡಚಿ ಕೂತಿದ್ದಳು. ಯಾವ ಸಾಲು ಸರಿಮಾಡ ಹೋದರೂ ಇನ್ನೊಂದು ಸಾಲು ಕೆಡುವ ಹಾಗೆ. ಗಾಳಿಗೆ ಹಾರದಿರಲಿ ಎಂದು ಕಾಗದಗಳ ಮೇಲೆ ನಾನು ಅಡುಗೆಮನೆಯಿಂದ ಲೋಟಗಳನ್ನು ತಂದಿಟ್ಟೆ. ಅದಕ್ಕಿಂತ ಹೆಚ್ಚಿನದು ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ.

ಇವರು ಬಂದು ಕಾಲು ತೊಳೆದುಕೊಂಡು ಒಳಗೆ ಇಣುಕಿದರು. ಮಗಳು ಸಂಗತಿ ಹೇಳಿದಳು. "ನಾವ್ ಮರ್ಯಾದಿಗೆ ಹೇಳದ್ದ್ ಅವ್ರಿಗ್ ಗೊತ್ತಾತಿಲ್ಯಾ?" ಎಂದರು. ಅದಕ್ಕೆ ಅವಳು, "ಅವ್ರ್ ಬರ್ದದ್ದನ್ನೇ ಓದ್ತ್ರ್ ಅಪ್ಪಯ್ಯ," ಎಂದಳು. ಕೋಪ ಇರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ಇವರಿಗೆ ಸುಲಭವಾಗುತ್ತಿತ್ತು. ಅವತ್ತು ಊಟಕ್ಕೆ ಕೂತವರು ಮೀನಿನ ತುಂಡನ್ನು ಮುಟ್ಟಲೇ ಇಲ್ಲ.

ಆಮೇಲಿನ ದಿನಗಳು ಉದ್ದವಾದವು. ಬ್ರಹ್ಮಾವರದಿಂದ ಅವಳ ಜೊತೆ ಭಾಷೆ ಕಲಿತ ಹುಡುಗಿ ಫೋನು ಮಾಡಿ ತನಗೆ ವೀಸಾ ಬಂತೆಂದಳು. ಮಗಳು ನಗುನಗುತ್ತಲೇ ಮಾತಾಡಿ, ಫೋನಿಟ್ಟು ಬಚ್ಚಲಿಗೆ ಹೋಗಿ ಬಹಳ ಹೊತ್ತು ನೀರು ಬಿಟ್ಟುಕೊಂಡಳು. ಇದೆಲ್ಲ ಸರಿ ಮಾಡುವ ದಾರಿ ಅವಳಿಗೆ ಅಲ್ಲೇ ಕಂಡಿತೋ ಏನೋ. ತಲೆ ಒರೆಸಿಕೊಳ್ಳುತ್ತ ಬಂದು ಕೇಳಿದಳು: "ಶಾಲಿಗ್ ಸೇರ್ಸುವತ್ತಿಗೆ ನನ್ನ ಹೆಸ್ರನ್ನ ಯಾವ್ ಭಾಷಿಲ್ ಬರ್ದಿದ್ರ್?"

ಅವಳನ್ನು ಸೇರಿಸಿದ್ದು ನನ್ನ ತವರು ಶಿರೂರಿನ ಕಡೆಯ ಶಾಲೆಗೆ. ಒಂದರಿಂದ ಹತ್ತರವರೆಗೂ ಅಲ್ಲೇ, ಅಜ್ಜಿ ಮನೆಯಲ್ಲಿದ್ದು ಓದಿದಳು. ದಾಖಲಾತಿ ಪುಸ್ತಕ ಕನ್ನಡದಲ್ಲೇ ಇದ್ದದ್ದು ನನಗೆ ನೆನಪಿತ್ತು. ಇಂಗ್ಲಿಷ್ ಬಂದದ್ದು ಹತ್ತನೇ ಕ್ಲಾಸಿನ ಪರೀಕ್ಷೆಗೆ ಹೆಸರು ಕಳಿಸುವಾಗ.

ನಾವು ಹೋದೆವು. ಇವರೂ ಬರುತ್ತೇನೆಂದು ಹೊರಟರು, ಮಾರಾಟ ಬಿಟ್ಟು. ಬೈಂದೂರಿನಲ್ಲಿ ಬಸ್ಸು ಬದಲಿಸಿದೆವು. ಈಗಿನ ಹೆಡ್‌ಮಿಸ್ ನಮಗೆ ಹೊಸಬರು. ಪುಸ್ತಕ ತೆಗೆಸಿದರು. ಕನ್ನಡದಲ್ಲಿ ಹೆಸರು, ತಂದೆ ತಾಯಿ, ಹುಟ್ಟಿದ ದಿನ, ಎಲ್ಲ ಪಾಸ್‌ಪೋರ್ಟಿಗೆ ಹೊಂದುತ್ತಿತ್ತು. ಅದರ ದೃಢೀಕೃತ ಪ್ರತಿ ಕೊಡುವುದಕ್ಕೆ ಅವರಿಗೆ ಅಡ್ಡಿ ಇರಲಿಲ್ಲ. ಪರೀಕ್ಷೆಗೆ ಹೆಸರು ಕಳಿಸುವಾಗ ಇಂಗ್ಲಿಷ್ ಅಕ್ಷರ ಶಾಲೆಯಲ್ಲಿ ಬರೆದದ್ದೆಂದು ಒಂದು ಪತ್ರವೂ ಬೇಕೆಂದಾಗ ಪೆನ್ನು ಕೆಳಗಿಟ್ಟರು.

"ನಮ್ಮ ಶಾಲೆಯಿಂದ ತಪ್ಪಾಗಿದೆ ಅಂತ ನಾನು ಹೇಗೆ ಬರೆದುಕೊಡಲಿ? ನಾಳೆ ಮೇಲಿನವರು ಕೇಳಿದರೆ?"

ಇವರು ನನ್ನನ್ನು ನೋಡಿದರು. ನಾನು ಸೀರೆ ಸೆರಗಿನ ಅಂಚನ್ನು ನೋಡಿದೆ. ಎದುರು ಕೂತವರೂ ನಮ್ಮ ಹಾಗೆಯೇ ಹೆದರುತ್ತಾರೆಂದು ನನಗೆ ಆವತ್ತಿನವರೆಗೆ ಅನಿಸಿರಲಿಲ್ಲ. ಮಗಳು ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

"ತಪ್ಪು ಅನ್ನುವ ಶಬ್ದವೇ ಬೇಡ ಟೀಚರ್. ಪುಸ್ತಕದಲ್ಲಿ ಹೆಸರು ಕನ್ನಡದಲ್ಲಿ ಮಾತ್ರ ಇದೆ. ಪರೀಕ್ಷೆಗೆ ಕಳಿಸುವಾಗ ಶಾಲೆಯಲ್ಲಿ ಅದನ್ನು ಇಂಗ್ಲಿಷಿಗೆ ಬರೆದುಕೊಂಡಿದ್ದಾರೆ. ಈ ಕಾರ್ಡಿನ ವಿದ್ಯಾರ್ಥಿನಿ, ಪುಸ್ತಕದ ವಿದ್ಯಾರ್ಥಿನಿ ಒಬ್ಬಳೇ. ಆದದ್ದು ಅಷ್ಟೇ ಅಲ್ಲವಾ?"

ಅವರು ಪೆನ್ನು ಮತ್ತೆ ಕೈಗೆತ್ತಿಕೊಂಡರು. ಹೊರಗೆ ಮಕ್ಕಳು ಬಿಸಿಯೂಟದ ತಟ್ಟೆ ತೊಳೆಯುವ ಸದ್ದು. "ಅಷ್ಟು ಬರೆಯಬಹುದು," ಎಂದರು. ಬರೆದು, ಓದಿ, ಒಂದು ಸಾಲು ಹೊಡೆದು, ಮತ್ತೆ ಹೊಸ ಹಾಳೆಯಲ್ಲಿ ಬರೆದು ಮೊಹರು ಒತ್ತಿದರು.

ಪುಸ್ತಕದ ಪ್ರತಿ, ಪತ್ರ ಎರಡರ ಇಂಗ್ಲಿಷ್ ಅನುವಾದಕ್ಕೆ ನೋಟರಿ ಮೊಹರು ಹಾಕಿಸಿ ತಂದ ಸಂಜೆ, ಮಗಳು ಎರಡನೇ ಇಮೇಲು ಬರೆದಳು. ಈ ಸಲ ಟೈಪಿಂಗ್ ಅಂಗಡಿಗೆ ಹೋಗಲಿಲ್ಲ. ಓದಿ ಹೇಳು ಎಂದು ಇವರೇ ಕೇಳಿದರು.

"ನನ್ನ ಪಾಸ್‌ಪೋರ್ಟಿನಲ್ಲಿ ಹೆಸರು ತಪ್ಪಾಗಿದೆ ಎಂದು ಮೊದಲ ಇಮೇಲಿನಲ್ಲಿ ಬರೆದಿದ್ದೆ. ಅದು ನಿಜವಲ್ಲ. ನನ್ನ ಶಾಲೆಯ ಮೇಲಿನ ಗೌರವಕ್ಕಾಗಿ ಹಾಗೆ ಬರೆದೆ. ಪಾಸ್‌ಪೋರ್ಟಿನಲ್ಲಿರುವ ಹೆಸರು ಸರಿಯಾಗಿದೆ, ಹುಟ್ಟಿದ ದಾಖಲೆಗೆ ಹೊಂದುತ್ತದೆ." ಅದರ ಕೆಳಗೆ ಯಾವ ಕಾಗದ ಯಾವುದಕ್ಕೆ ಎಂದು ಬರೆದಿದ್ದಳು.

"ನಿಜ ಅಲ್ಲ ಅಂದ್ ಬರ್ದ್ರೆ ಸುಳ್ ಹೇಳ್ದೋಳ್ ಅಂಬುದಿಲ್ಯಾ?" ಎಂದು ನಾನು ಕೇಳಿದೆ.

"ಅಂದ್ರೆ ಅನ್ಲಿ ಅಮ್ಮ," ಎಂದು ಕಳಿಸಿಬಿಟ್ಟಳು.

ಮತ್ತೆ ಕಾಯುವುದು. ಕರಾರಿನ ದಿನ ಹತ್ತಿರ ಬಂದಾಗ ವೃದ್ಧಾಶ್ರಮದವರು ಕೆಲವು ವಾರ ತಡವಾಗಿ ಸೇರಬಹುದು, ಅದರ ಮೇಲೆ ಇಲ್ಲ ಎಂದರು. ಅವಳು ಬೆಳಿಗ್ಗೆ ಅಂಗಳ ಗುಡಿಸುವಾಗಲೂ ಮೊಬೈಲು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ತೆಗೆದಿಟ್ಟ ಉಣ್ಣೆಯ ಸ್ವೆಟರು ಕಪಾಟಿನಲ್ಲಿ ಬೂಷ್ಟು ಹಿಡಿಯಿತು, ನಾನು ಬಿಸಿಲಿಗೆ ಹಾಕಿ ಒಳಗಿಟ್ಟೆ.

ಒಂದು ದಿನ ಇವರು ಪೇಟೆಯಿಂದ ಬಂದು ಮೀನಿನ ಬುಟ್ಟಿ ಕವುಚಿ ಹಾಕುತ್ತಿರುವಾಗ ಉತ್ತರ ಬಂತು. ನಿಮ್ಮ ವಿವರಣೆ ಕಡತಕ್ಕೆ ಸೇರಿದೆ. ಪಾಸ್‌ಪೋರ್ಟ್ ಬದಲಿಸುವ ಅಗತ್ಯವಿಲ್ಲ. ಅರ್ಜಿಯ ಪರಿಶೀಲನೆ ಮುಂದುವರಿಯುತ್ತದೆ, ತೀರ್ಮಾನವಾಗುವವರೆಗೆ ವಿಚಾರಿಸಬೇಡಿ.

ವೀಸಾ ಕೊಡುತ್ತೇವೆ ಎಂದಿರಲಿಲ್ಲ. ಮಗಳು ಮೂರು ಸಲ ಓದಿ, ಮೊಬೈಲು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾವಿಕಟ್ಟೆಯ ಕಡೆ ಹೋದಳು.

ಇವರು ಬುಟ್ಟಿಯ ಹತ್ತಿರವೇ ನಿಂತಿದ್ದರು. "ಹಂಗಾರೆ ತಪ್ ಯಾರ್ದ್ ಅಂಬ್ರ್?"

"ಯಾರ್ದ್ ಅಂದೂ ಬರೀಲಿಲ್ಲ," ಎಂದೆ.

"ಯಾರ್ದೂ ಅಲ್ದೆ ಅರ್ಜಿ ಮುಂದ್ ಹೋತ್ತಾ?"

ಬಾವಿಯಲ್ಲಿ ಕೊಡಪಾನ ಮುಳುಗಿದ ಸದ್ದು ಕೇಳಿತು. ಕೈಕಾಲು ತೊಳೆದು ಬನ್ನಿ, ಬಡಿಸುತ್ತೇನೆ ಎಂದು ಒಳಗೆ ಬಂದೆ.