ಬೀಗ ಹಾಕಿದ ಮೇಲೆ ಗುಂಡಿ ಒತ್ತಿ

ಬ್ಯಾಡಗಿಯ ಖಾರದ ಪುಡಿ ಕಾರ್ಖಾನೆಯೊಂದರ ಸುರಕ್ಷತಾ ಪಾಠವನ್ನು ನಾನು ರಾಣೆಬೆನ್ನೂರಿನ ನನ್ನ ಮನೆಯಲ್ಲಿ ಕುಳಿತು ಇಂಗ್ಲಿಷಿನಿಂದ ಕನ್ನಡಕ್ಕೆ ತಂದೆ. ಎಚ್ಚರಿಕೆಯ ಮಾತುಗಳಲ್ಲಿ ನಾನು ಬಹಳ ಕಟ್ಟುನಿಟ್ಟು. ಸಾವೋ ಭಾರಿ ಗಾಯವೋ ಆಗಿಯೇ ತೀರುವಲ್ಲಿ ‘ಅಪಾಯ’, ಆಗಬಹುದಾದಲ್ಲಿ ‘ಎಚ್ಚರಿಕೆ’, ಸಣ್ಣ ಪೆಟ್ಟಿಗೆ ‘ಜಾಗ್ರತೆ’. ಒಂದರ ಜಾಗದಲ್ಲಿ ಇನ್ನೊಂದು ಬರದಂತೆ ನೋಡಿಕೊಂಡು ಬೀಗಿದೆ.

ಗಿರಣಿಯಲ್ಲಿ ಪುಡಿ ಸಿಕ್ಕಿಕೊಂಡಾಗ ಏನು ಮಾಡಬೇಕೆಂಬ ಪುಟದಲ್ಲಿ ಮಾತ್ರ ಒಂದು ಸಾಲು ಅಸಂಬದ್ಧವಾಗಿ ಕಂಡಿತು. ಗಿರಣಿ ನಿಲ್ಲಿಸಿ, ಮೇನ್ ಸ್ವಿಚ್ ಆರಿಸಿ, ಅದಕ್ಕೆ ನಿಮ್ಮ ಬೀಗ ಹಾಕಿ. ಆಮೇಲೆ ಚಾಲು ಗುಂಡಿ ಒತ್ತಿ ನೋಡಿ. ನಂತರ ಮುಚ್ಚಳ ತೆರೆಯಿರಿ. ಬೀಗ ಹಾಕಿದ ಮೇಲೆ ಚಾಲು ಮಾಡುವುದೆಂಥದು? ಬರೆದವರ ಕೈತಪ್ಪೆಂದು ಆ ಸಾಲನ್ನು ಕೊನೆಗೆ, ಮುಚ್ಚಳ ಹಾಕಿದ ನಂತರಕ್ಕೆ ಸಾಗಿಸಿದೆ. ಯಾರನ್ನೂ ಕೇಳಲಿಲ್ಲ. ಪಾಠ ಕಳಿಸಿದ್ದ ಸುರಕ್ಷತಾ ಅಧಿಕಾರಿಗೆ ಕನ್ನಡ ಓದಲು ಬಾರದು.

ಅಲ್ಲಿನ ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಹಾಡು ಹೇಳಿ ಬೆಳೆದವರು. ನನ್ನ ಪಾಠವನ್ನೂ ಪಾಳಿ ಶುರುವಾಗುವ ಮೊದಲು ಎಲ್ಲರೂ ಕೂಡಿ ರಾಗವಾಗಿ ಹೇಳುತ್ತಿದ್ದರಂತೆ. ಕೇಳಿ ಹಿಗ್ಗಿದ್ದೆ.

ಒಂದು ದಿನ ಅಧಿಕಾರಿ ಫೋನ್ ಮಾಡಿದರು. ಗಿರಣಿ ನೋಡಿಕೊಳ್ಳುವ ಹೆಂಗಸೊಬ್ಬರು, ಸುಮ್ಮನೆ ನಿಂತಿದ್ದ ಪಕ್ಕದ ಗಿರಣಿಯ ಸ್ವಿಚ್ಚಿಗೆ ತಪ್ಪಿ ಬೀಗ ಹಾಕಿ ತಮ್ಮದರ ಮುಚ್ಚಳ ತೆರೆದಿದ್ದರು. ಆಚೆ ಬದಿಯಿಂದ ಬಂದವರು ಅರಿಯದೆ ಚಾಲು ಗುಂಡಿ ಒತ್ತಿದ್ದರು. ಕೈಗವಸು ಹರಿದು ಒಳಗೆ ಹೋಯಿತು. ಬೆರಳ ತುದಿ ಸೀಳಿತು, ಪುಣ್ಯಕ್ಕೆ ಕೈ ಉಳಿಯಿತು. ತೆರೆಯುವ ಮೊದಲೇ ಗುಂಡಿ ಒತ್ತಿ ನೋಡಿದ್ದರೆ, ಬೀಗ ತಪ್ಪು ಕಡೆ ಬಿದ್ದಿದೆಯೆಂದು ಗಿರಣಿಯೇ ತಿರುಗಿ ಹೇಳುತ್ತಿತ್ತು. ಆ ಸಾಲು ಇದ್ದದ್ದೇ ಅದಕ್ಕೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ನನ್ನ ಕೆಲಸ.

ತಿದ್ದಿದ ಹಾಳೆ ಹಿಡಿದು ಬ್ಯಾಡಗಿಗೆ ಹೋದೆ. ಆಕೆ ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಕೆಲಸಕ್ಕೆ ಬಂದಿದ್ದರು.

“ನಾನ ಎಲ್ಲೋ ಮರತೇನ್ರಿ ಅಕ್ಕಾರ. ದಿನಾ ಹೇಳ್ತೀವಿ, ಆದ್ರೂ ಮರತೆ,” ಎಂದರು.

“ನೀವು ಮರತಿಲ್ರೀ. ನಾನ ತಪ್ಪು ಬರದಿದ್ದೆ,” ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊಸ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: “ಇದು ಸರಿ ಅದ ಅಂತ ಯಾರು ನೋಡ್ಯಾರ್ರಿ?”

ಯಾರೂ ನೋಡಿರಲಿಲ್ಲ. ಗಿರಣಿ ರಿಪೇರಿ ಮಾಡುವ ಫಿಟ್ಟರನ್ನು ಕರೆಸಿದೆ. ಗಿರಣಿಯ ಮುಂದೆ ನಿಂತು ನಾನು ಒಂದೊಂದೇ ಸಾಲು ಓದಿದೆ, ಆತ ಪ್ರತಿ ಸಾಲನ್ನೂ ಇಂಗ್ಲಿಷ್ ಹಾಳೆಯೊಂದಿಗೆ ಹೋಲಿಸಿ ಹೂಂ ಅಂದ, ಆಕೆ ಮಾಡಿದರು. ನಿಲ್ಲಿಸಿದರು, ಸ್ವಿಚ್ ಆರಿಸಿದರು, ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಈಗ ಚಾಲು ಗುಂಡಿ ಒತ್ತಿ ನೋಡಿ,” ಎಂದು ಓದಿದೆ.

ಒತ್ತಿದರು. ಗಿರಣಿ ಅಲುಗಲಿಲ್ಲ. ಆಮೇಲೆ ಪಟ್ಟಿ ಕಟ್ಟಿದ ಕೈಯಿಂದಲೇ ಮುಚ್ಚಳ ತೆರೆದರು.