ಅಗಳಿ ಹಾಕಿದವಳು

ಸಿಂಧನೂರಿಗೆ ಬಂದ ಮರುದಿನವೇ ನನ್ನನ್ನು ಹೊಲಕ್ಕೆ ಇಳಿಸಿದರು. ಹೊಲಕ್ಕೇನು, ನೀರಿಗೆ ಇಳಿಸಿದರು. ವಳಕಮದಿನ್ನಿಯ ಕಾಲುವೆ ಪಕ್ಕದ ಗದ್ದೆಯಲ್ಲಿ ಮೊಣಕಾಲಿನ ತನಕ ಹೂತುಹೋಗಿ, ಒಂದು ಕಾಲು ಎತ್ತಿದರೆ ಇನ್ನೊಂದು ಒಳಗೆ ಸರಿದು, ನಾನು ಕಿರುಚಿಬಿಟ್ಟೆ. ಸಾಲಿನಲ್ಲಿ ಬಾಗಿದ್ದ ಹೆಂಗಸರೆಲ್ಲ ನಕ್ಕರು. ಮೇಸ್ತ್ರಿ ಹೆಂಗಸು ತೆಲುಗಿನಲ್ಲಿ "ಎವರಮ್ಮಾ ನುವ್ವು?" ಎಂದಳು. ನೀನು ಯಾರಮ್ಮ ಎಂದು ಅದರ ಅರ್ಥ. ಪಕ್ಕದವಳು ತಿಳಿಸಿ ಹೇಳಿದ ಮೇಲೂ ನಾನು ಹೆಸರು ಹೇಳದೆ ಊರಿನ ದಿಕ್ಕಿಗೆ ಕೈ ತೋರಿಸಿದೆ.

ಗುರುಗುಂಟಾ ಕಡೆಯ ಎರೆಹೊಲದವಳು ನಾನು, ಹೆಸರು ನೀಲವ್ವ. ನಮ್ಮಲ್ಲಿ ಕೆಸರು ಎಂದರೆ ಮಳೆ ಬಂದ ನಾಲ್ಕು ದಿನದ ಸಂಗತಿ. ಇಲ್ಲಿ ಕೆಸರೇ ಕಸುಬು. ಅಲ್ಲಿ ಸಜ್ಜೆ, ಜೋಳದ ರೊಟ್ಟಿ ಬಡಿಯುವ ಸಪ್ಪಳದಿಂದ ಬೆಳಗಾಗುತ್ತಿತ್ತು. ಇಲ್ಲಿ ಆಂಧ್ರದಿಂದ ಬಂದು ಹೊಲ ಹಿಡಿದವರ ಮನೆಗಳಲ್ಲಿ ಮೂರು ಹೊತ್ತೂ ಅನ್ನ. ಮೊದಲ ತಿಂಗಳು ಅನ್ನ ಉಂಡೂ ಹೊಟ್ಟೆ ಖಾಲಿ ಎನಿಸುತ್ತಿತ್ತು. 'ನಾರು' ಎಂದರೆ ಭತ್ತದ ಸಸಿ, 'ನಾಟು' ಎಂದರೆ ಅದನ್ನು ಊರುವುದು ಎಂದು ಕಲಿತೆ. ಹಿಂದಕ್ಕೆ ನಡೆಯುತ್ತ ದುಡಿಯುವುದನ್ನೂ ಕಲಿತೆ. ನಮ್ಮ ಕಡೆ ಕಳೆ ಕೀಳುವಾಗ ಮುಂದಕ್ಕೆ ಸಾಗುತ್ತೇವೆ. ನಾಟಿಯಲ್ಲಿ ಹಿಂದೆ ಸರಿಯಬೇಕು.

ಇರಲು ಜಾಗ ಕೊಟ್ಟವಳು ಹಾಜರಾಬೀ. ಕೌದಿ ಹೊಲಿದು ಬದುಕುತ್ತಿದ್ದ ಐವತ್ತರ ಹೆಂಗಸು. ಒಂದೇ ಕೋಣೆ, ಅರ್ಧ ಅವಳಿಗೆ, ಅರ್ಧ ನನಗೆ. ಬಾಗಿಲಿಗೆ ಕದವಿರಲಿಲ್ಲ, ಗೋಣಿತಾಟಿನ ಪರದೆ. ಮೊದಲ ಸಂಜೆ ನಾನು ಆ ತಾಟನ್ನು ಮುಟ್ಟಿ ಮುಟ್ಟಿ ನೋಡಿದೆ. ಕದವಿಲ್ಲ, ಅಗಳಿ ಇಲ್ಲ. ಎಷ್ಟೋ ದಿನಗಳ ನಂತರ ಕಣ್ಣು ತುಂಬ ನಿದ್ದೆ ಮಾಡಿದೆ.

ಹಾಜರಾಬೀ ಮನೆಯಲ್ಲಿ ದಖ್ಖನಿ ಆಡುತ್ತಿದ್ದಳು, ನನ್ನ ಜೊತೆ ಕನ್ನಡ. ಎರಡನ್ನೂ ಕೇಳುತ್ತ ಕೇಳುತ್ತ ಅವಳ ಮಾತು ನನಗೂ ಹತ್ತಿತು. ಮಧ್ಯಾಹ್ನ ಕೌದಿಯ ಎರಡು ತುದಿಗೆ ಕೂತು ಹೊಲಿಯುವಾಗ ಅವಳು ಒಂದು ಕಥೆ ಹೇಳುತ್ತಿದ್ದಳು. "ಒಬ್ಬ ಹೆಣ್ಮಗಳಿದ್ಲು" ಎಂದು ಶುರು. ಪೊಲೀಸ್ ಆಕ್ಷನ್ನಿನ ಗದ್ದಲದಲ್ಲಿ ಆ ಹೆಣ್ಣುಮಗಳ ಊರಿಗೆ ಕತ್ತಿ ಹಿಡಿದ ಗುಂಪು ಬಂತು. ಗಂಡನನ್ನೂ ತಮ್ಮನನ್ನೂ ಬಾವಿಯ ಕಟ್ಟೆಯ ಮೇಲೆ ಕೆಡವಿ ಕೊಚ್ಚಿದರು. ಆಕೆ ಜೋಳದ ಕಣಜದೊಳಗೆ ಮೂಗು ಮುಚ್ಚಿಕೊಂಡು ಕೂತಿದ್ದಳು. ಹೊರಗೆ ಬಂದಾಗ ಬಾವಿಯ ನೀರು ಕುಡಿಯುವಂತಿರಲಿಲ್ಲ. ಹೇಳುವಾಗ ಹಾಜರಾಬೀಯ ಸೂಜಿ ಒಂದು ಟಾಕೂ ತಪ್ಪುತ್ತಿರಲಿಲ್ಲ.

"ಆಪಾ, ಆ ಹೆಣ್ಮಗಳು ನೀವ ಅಲ್ಲೇನ್ರಿ?" ಎಂದು ಒಮ್ಮೆ ಕೇಳಿದೆ.

"ಹೌದು. ಆದರ ನಾ ಅಂದ್ರ ಬಾಯಿ ಕಟ್ತೈತಿ. ಆಕಿ ಅಂದ್ರ ಬಿಡ್ತೈತಿ. ಆಕಿನ್ನ ಅಲ್ಲಿ ಕುಂದ್ರಿಸಿ ನಾ ಇಲ್ಲಿಂದ ನೋಡ್ತೀನಿ." ದಾರ ಹರಿದುಕೊಂಡು ನನ್ನ ಮುಖ ನೋಡಿದಳು. "ನಿನ್ನ ಹೊಟ್ಟ್ಯಾಗೂ ಒಬ್ಬಾಕಿ ಅದಾಳ. ಹೇಳಬೇ ಆಕಿದು."

ಆ ದಿನ ಹೇಳಲಿಲ್ಲ. ಎಂಟು ದಿನ ಬಿಟ್ಟು ಹೇಳಿದೆ. ಅವತ್ತು ಹೇಗೆ ಹೇಳಿದೆನೋ ಹಾಗೆಯೇ ಇಲ್ಲಿ ಹೇಳುತ್ತೇನೆ.

ಒಂದು ಮನೆಯಲ್ಲಿ ಇಬ್ಬರು ಸೊಸೆಯರಿದ್ದರು. ಹಿರಿಸೊಸೆ ವಿಧವೆ, ಮಕ್ಕಳಿಲ್ಲ, ತವರಿನಲ್ಲಿ ಯಾರೂ ಇಲ್ಲ. ಕಿರಿಸೊಸೆ ಶರಣವ್ವ, ಸಂತೆಕಲ್ಲೂರಿನ ಮಗಳು, ಹತ್ತೊಂಬತ್ತು ವರ್ಷ. ಒಂದು ದಿನ ಶರಣವ್ವ ಗಂಡನಿಗೆ ಹೇಳದೆ, ಜ್ವರ ಬಂದ ತಾಯಿಯನ್ನು ನೋಡಲು ತವರಿಗೆ ಹೋದಳು. ಮೂರನೆಯ ದಿನ ಒಬ್ಬಳೇ ಬಸ್ಸಿನಲ್ಲಿ ಮರಳಿ ಬಂದಳು. ಮಧ್ಯಾಹ್ನ. ಗಂಡ ಬಸಣ್ಣ ಪಡಸಾಲೆಯಲ್ಲಿ ಕಾಯುತ್ತಿದ್ದ. "ಯಾರ ಸಂಗಾಟ ಹೋಗಿದ್ದಿ?" ಎಂದ. ಉತ್ತರ ಮುಗಿಯುವ ಮೊದಲೇ ಬಾರುಕೋಲು ಬಿತ್ತು. ಅದು ಮುರಿದ ಮೇಲೆ ಒನಕೆ ಎತ್ತಿಕೊಂಡ. ಮೊದಲು ಕೈ ಮುರಿಯಿತು. ಒಣಕಟ್ಟಿಗೆ ಮುರಿದ ಸಪ್ಪಳವೇ. ಅತ್ತೆ ಒಲೆಯ ಮುಂದಿನಿಂದ ಏಳದೆ ಕೂಗಿದಳು: "ಮಂದಿ ಕೂಡ್ತಾರ, ಬಾಗಲಾ ಹಾಕಬೇ!"

ಬಾಗಿಲು ಹಾಕಿತ್ತು. ಓಣಿಯವರು ಹೊರಗಿನಿಂದ ಬಡಿದರು. ಶರಣವ್ವ ಸತ್ತಳು.

ಇಷ್ಟು ಹೇಳಿ ನನ್ನ ತುದಿಯ ಹೊಲಿಗೆಗೆ ಬಾಗಿದೆ. ಹಾಜರಾಬೀ ಸೂಜಿ ನಿಲ್ಲಿಸಿದಳು.

"ಬಾಗಲಾ ಹಾಕಿತ್ತು? ತಾನ ಹಾಕ್ಕೊಂತೇನು?"

ನಮ್ಮ ಭಾಷೆ ಎಷ್ಟು ಸಲೀಸಾಗಿ ಅಡಗಿಸಿಕೊಳ್ಳುತ್ತದೆ ಎಂದು ಆಗ ಹೊಳೆಯಿತು. 'ಹಾಕಿತ್ತು' ಎಂದರೆ ಹಾಕಿದವರೇ ಬೇಕಾಗಿಲ್ಲ. ಮತ್ತೆ ಮೊದಲಿನಿಂದ ಹೇಳಿದೆ. ಈ ಸಲ 'ಹಿರಿಸೊಸೆ ಹಾಕಿದಳು' ಎಂದೆ. 'ಹಾಕಿದಳು' ಅಂದಕೂಡಲೇ ಆಕೆ ಕಾಣಿಸಿದಳು, ಮಾಳಿಗೆಯ ಬೆಳಕಿಂಡಿಯಿಂದ ಕೆಳಗೆ ನೋಡಿದ ಹಾಗೆ. ತಲೆಯ ಮೇಲಿನ ಸೆರಗು, ಸೆಟೆದ ಹೆಗಲು, ಅಗಳಿಗೆ ಬೆನ್ನು ಒತ್ತಿ ನಿಂತದ್ದು. ಮೂರು ತಿಂಗಳು ನೆನೆಯಲಾಗದೆ ಬಿಟ್ಟಿದ್ದು ಒಂದೊಂದಾಗಿ ಬಂತು. ಶರಣವ್ವ ತೆವಳಿಕೊಂಡು ಬಾಗಿಲ ಕಡೆ ಬಂದಳು. ಮುರಿಯದ ಕೈಯಿಂದ ಹಿರಿಸೊಸೆಯ ಸೀರೆ ಹಿಡಿದಳು. ಬಾಯಿಂದ ರಕ್ತ ಸೋರುತ್ತಿತ್ತು. "ಅಕ್ಕಾ, ತಗಿ. ನಿನ್ನ ಕಾಲ ಬೀಳ್ತೀನಿ, ತಗಿ." ಹೊರಗಿನವರು ಕದ ಗುದ್ದುತ್ತಿದ್ದರು. ಆಕೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕಿತ್ತು. ಆಕೆ ಸರಿಯಲಿಲ್ಲ. ಒನಕೆ ತಲೆಯ ಮೇಲೆ ಎರಡು ಸಲ ಬಿತ್ತು. ಹೊರಗಿನ ಒಂದೊಂದು ಗುದ್ದೂ ನನ್ನ ಬೆನ್ನಿಗೆ...

ನಿಲ್ಲಿಸಿದೆ. "ಆಕಿ ಬೆನ್ನಿಗೆ" ಎಂದು ತಿದ್ದಲು ನೋಡಿದೆ, ಬರಲಿಲ್ಲ. ಬೆಳಕಿಂಡಿಯಿಂದ ಎಲ್ಲ ಕಂಡಿತ್ತು, ಗುದ್ದು ಮಾತ್ರ ಕಾಣುವಂಥದ್ದಲ್ಲ. ಅದು ಬೆನ್ನಿಗೇ ಗೊತ್ತು. ಹಾಜರಾಬೀ ಎದ್ದು ಬಂದು ನನ್ನ ಬೆನ್ನ ಮೇಲೆ ಅಂಗೈ ಇಟ್ಟಳು.

ಶರಣವ್ವ ಮಾಳಿಗೆಯಿಂದ ಬಿದ್ದಳೆಂದು ಹೇಳಿ ಅದೇ ಸಂಜೆ ಮಣ್ಣು ಮಾಡಿದ್ದರು. ನಾನು ಒಂದು ತಿಂಗಳು ಆ ಮನೆಯಲ್ಲೇ ಇದ್ದು, ಅದೇ ಒಲೆಯಲ್ಲಿ ರೊಟ್ಟಿ ಮಾಡಿ, ಆಮೇಲೆ ಒಂದು ಬೆಳಿಗ್ಗೆ ಬಸ್ಸು ಹತ್ತಿದ್ದೆ. ನಂತರ ಶರಣವ್ವನ ತಂದೆ ವೀರಪ್ಪ ದೂರು ಕೊಟ್ಟಿದ್ದರು. ತಹಸೀಲ್ದಾರರ ಎದುರು ಹೆಣ ತೆಗೆಸಿದಾಗ ತಲೆಬುರುಡೆ ಎರಡು ಕಡೆ ಒಡೆದಿತ್ತು. ಬಿದ್ದದ್ದಕ್ಕೂ ಹಾಗಾಗಬಹುದೆಂದು ಬಸಣ್ಣನ ವಕೀಲ ವಾದಿಸುತ್ತಿದ್ದ. ಒಳಗೆ ನಡೆದದ್ದನ್ನು ಕಂಡ ಹೊರಗಿನವರಿಲ್ಲ. ಕೇಳಿ ಕೇಳಿ ವೀರಪ್ಪ ಸಿಂಧನೂರಿಗೆ ನನ್ನನ್ನು ಹುಡುಕಿಕೊಂಡು ಬಂದರು. ಪರದೆಯ ಹೊರಗೇ ನಿಂತು, "ನೀ ಒಳಗಿದ್ದಿ. ಬಂದು ಹೇಳ್ತಿಯೋ ಇಲ್ಲೋ, ಅಷ್ಟ ಹೇಳು" ಎಂದರು. ಬರುತ್ತೇನೆ ಎಂದೆ.

ಲಿಂಗಸುಗೂರಿನ ಕೋರ್ಟಿನ ಅಂಗಳದಲ್ಲಿ ಸರ್ಕಾರಿ ವಕೀಲರು ನನ್ನನ್ನು ಬೇವಿನ ಗಿಡದ ಕೆಳಗೆ ಕೂರಿಸಿ ಕೇಳಿದರು. ನಾನು 'ಹಿರಿಸೊಸಿ' ಎಂದೇ ಹೇಳಿದೆ. ಅವರು ಕೈ ಎತ್ತಿ ತಡೆದರು. "ತಂಗೀ, ಕಟಕಟ್ಯಾಗ ಆಕಿ ಈಕಿ ನಡಿಯೂದಿಲ್ಲ. ಆಕಿ ಅಂದ್ರ ಕೇಳಿದ್ದು ಆಗ್ತೈತಿ, ನೋಡಿದ್ದು ಆಗೂದಿಲ್ಲ. ನಾ ನೋಡೀನಿ ಅನ್ನಬೇಕು." ಆಮೇಲೆ ದನಿ ತಗ್ಗಿಸಿದರು. "ಬಾಗಲದ ಮಾತು ನೀನಾಗಿ ಎತ್ತಬ್ಯಾಡ. ನಿನ್ನ ಮ್ಯಾಲೂ ಕೇಸು ಬರಬಹುದು. ಅವರು ಕೇಳಿದ್ರ ಮಾತ್ರ ಇದ್ದದ್ದ ಹೇಳು."

ಕಟಕಟೆಯಲ್ಲಿ ನಿಂತಾಗ ಬಸಣ್ಣ ಎದುರಿಗೇ ಇದ್ದ. ನೋಡಿದ್ದನ್ನೆಲ್ಲ ಹೇಳಿದೆ. ಬಾರುಕೋಲು, ಒನಕೆ, ಕೈ ಮುರಿದದ್ದು. 'ನೋಡಿದ್ನಿ' ಎಂಬುದು ಕಷ್ಟಪಟ್ಟರೂ ಬಂತು. ಕಣ್ಣಿನ ಕೆಲಸಕ್ಕೆ 'ನಾ' ಎನ್ನಬಹುದಾಗಿತ್ತು, ಕೈಯ ಕೆಲಸ ಉಳಿದಿತ್ತು. ಆಮೇಲೆ ಬಸಣ್ಣನ ವಕೀಲ ಎದ್ದ.

"ಹೊಡಿತಿದ್ರ ಆಕಿ ಹೊರಗ ಓಡಲಿಲ್ಲ್ಯಾಕ?"

"ಬಾಗಲಾ ಹಾಕಿತ್ರಿ."

"ಯಾರು ಹಾಕಿದ್ರು?"

"ಹಿರಿ ಸೊಸಿ ಹಾಕಿದ್ಲು."

ಮ್ಯಾಜಿಸ್ಟ್ರೇಟರು ತಲೆ ಎತ್ತಿದರು. "ಆ ಮನಿಗೆ ಎಷ್ಟು ಮಂದಿ ಹಿರಿಸೊಸೆಯರು?"

"ಒಬ್ಬಾಕೀರಿ."

"ಯಾರು ಆಕಿ?"

ಬಸಣ್ಣ ನನ್ನನ್ನೇ ನೋಡುತ್ತಿದ್ದ. ಕಟಕಟೆಯ ಮರ ಹಿಡಿದ ನನ್ನ ಬೆರಳು ನನಗೆ ಕಂಡವು. ಬೆಳಕಿಂಡಿಯಿಂದಲ್ಲ, ನನ್ನ ಕಣ್ಣಿನಿಂದ. "ನಾನ್ರಿ," ಎಂದೆ. "ಅಗಳಿ ನಾನ ಹಾಕಿದ್ನಿ. ತಗಿ ಅಂದ್ಲು, ತಗಿಲಿಲ್ಲ. ಆ ಮನಿ ಬಿಟ್ರ ನನಗ ಎಲ್ಲೂ ಜಾಗಾ ಇಲ್ಲಂತ ಅಂಜಿ ತಗಿಲಿಲ್ಲ. ಆಕಿ ಸಾಯೂತನಾ ಬಾಗಲಕ್ಕ ಬೆನ್ನು ಕೊಟ್ಟು ನಿಂತಿದ್ನಿ. ಇವನು ಒನಕಿಲೆ ತಲಿಗೆ ಎರಡು ಏಟು ಹೊಡದಾನ. ಒಂದು ಮೊಳ ದೂರದಾಗ ನೋಡೀನಿ."

ಹಿಂದಿನ ಸಾಲಿನಲ್ಲಿ ವೀರಪ್ಪ ಎದ್ದು ಹೊರಗೆ ಹೋದರು.

ಆಗ ಅಲ್ಲಿ ಇನ್ನೂ ಉರ್ದುವಿನಲ್ಲೇ ಬರೆದುಕೊಳ್ಳುತ್ತಿದ್ದರು. ಹೇಳಿಕೆ ಮುಗಿದ ಮೇಲೆ ಅದನ್ನು ಸಾಕ್ಷಿಗೆ ಓದಿ ಹೇಳಬೇಕು, ತಪ್ಪಿದ್ದರೆ ತಿದ್ದಬೇಕು. ಬಿಳಿಗಡ್ಡದ ಗುಮಾಸ್ತರು ಉರ್ದುವಿನಲ್ಲಿ ಓದುತ್ತ, ನಡುನಡುವೆ ಕನ್ನಡದಲ್ಲಿ ಹೇಳುತ್ತ ಹೋದರು. "ದರವಾಜಾ ಬಂದ್ ಥಾ" ಎಂದು ಓದಿದಾಗ ನನ್ನ ಕಿವಿ ನಿಮಿರಿತು. ಬಾಗಿಲು ಮುಚ್ಚಿತ್ತು. ಅಷ್ಟೇ. ಕನಿಕರದಿಂದ ಹಾಗೆ ಬರೆದರೋ, ಬೇಗ ಬರೆಯುವಾಗ ತಪ್ಪಿತೋ ತಿಳಿಯದು. ಹೆಬ್ಬೆಟ್ಟಿಗೆ ಮಸಿ ಹಚ್ಚಿಯಾಗಿತ್ತು. ಒತ್ತಿ ಬಂದಿದ್ದರೆ ಕಾಗದದಲ್ಲಿ ನಾನು ನೋಡಿದವಳಾಗಿ ಉಳಿಯುತ್ತಿದ್ದೆ, ಮಾಡಿದವಳಾಗಿ ಅಲ್ಲ.

"ಹಂಗಲ್ರಿ," ಎಂದೆ. "ಬಂದ್ ಥಾ ಅಲ್ಲ. ಮೈಂ ಬಂದ್ ಕರೀ, ನಾನ ಹಾಕಿದ್ನಿ." ಹಾಜರಾಬೀಯ ದಖ್ಖನಿ ನನ್ನ ಬಾಯಲ್ಲಿ ಬಂದದ್ದು ಕೇಳಿ ಗುಮಾಸ್ತರು ಕನ್ನಡಕ ತೆಗೆದರು. "ಬೇಟಿ, ಇರಲಿ ಬಿಡು" ಎಂದು ಮೆಲ್ಲಗೆ ಅಂದರು. ನಾನು ಹೆಬ್ಬೆಟ್ಟು ಒತ್ತಲಿಲ್ಲ. ಮ್ಯಾಜಿಸ್ಟ್ರೇಟರು ತಿದ್ದಿಸಿದರು.

ಕೇಸು ರಾಯಚೂರಿನ ದೊಡ್ಡ ಕೋರ್ಟಿಗೆ ಹೋಯಿತು. ಅಲ್ಲಿಯೂ ಅದನ್ನೇ ಹೇಳಿದೆ, ಎರಡನೆಯ ಸಲ ಅಷ್ಟು ತಡವರಿಸಲಿಲ್ಲ. ಬಸಣ್ಣನಿಗೆ ಜೀವಾವಧಿ ಶಿಕ್ಷೆಯಾಯಿತು. ನನ್ನ ಮೇಲೆ ಕೇಸಾಗಲಿಲ್ಲ. ಅಂಜಿಸಿ ಮಾಡಿಸಿದ್ದೆಂದು ಬಗೆದರು. ನಾನು ಹಾಗೆ ಬಗೆದಿಲ್ಲ.

ಲಿಂಗಸುಗೂರಿನ ಆ ದಿನ ಸಂಜೆಯ ಬಸ್ಸಿನಲ್ಲಿ ವೀರಪ್ಪ ನನ್ನ ಹಿಂದಿನ ಸೀಟಿನಲ್ಲಿದ್ದರು. ಮಸ್ಕಿಯಲ್ಲಿ ಇಬ್ಬರೂ ಇಳಿದೆವು. ಅವರು ಊರಿನ ದಾರಿ ಹಿಡಿಯಬೇಕು, ನಾನು ಸಿಂಧನೂರಿನ ಬಸ್ಸಿಗೆ ಕಾಯಬೇಕು.

"ನೀ ತಗದಿದ್ರ ನನ್ನ ಮಗಳು ಇರ್ತಿದ್ಲು" ಎಂದರು.

"ಹೌದ್ರಿ ಯಪ್ಪಾ."

"ಖರೇ ಹೇಳಿದಿ ಅಂತ ಸಿಟ್ಟು ಹೋಗೂದಿಲ್ಲ. ನಮ್ಮೂರ ಕಡಿ ಬರಬ್ಯಾಡ. ಆಕಿ ಅವ್ವ ನಿನ್ನ ಮಾರಿ ನೋಡಬಾರದು."

"ಬರೂದಿಲ್ರಿ."

ಆದರೂ ಅವರು ಹೋಗಲಿಲ್ಲ. ಗುಡ್ಡದ ಕಲ್ಲುಗಳ ಮೇಲಿನ ಬಿಸಿಲು ಇಳಿಯುವ ತನಕ ನಾಲ್ಕು ಮಾರು ದೂರದಲ್ಲಿ ನಿಂತೇ ಇದ್ದರು. ಬಸ್ಸು ಬಂದಾಗ ನನ್ನ ಗಂಟು ಎತ್ತಿ ಒಳಗೆ ಇಟ್ಟು, ತಿರುಗಿ ನೋಡದೆ ನಡೆದರು.

ಈಗ ರಾಜ್ಯ ಬದಲಾಗಿದೆ, ಕಚೇರಿಗಳ ಮಾತೂ ಬದಲಾಗುತ್ತಿದೆ. ನಾನು ಮೂರು ವರ್ಷದಿಂದ ನೀರಿನಲ್ಲಿ ನಿಂತು ದುಡಿಯುತ್ತಿದ್ದೇನೆ, ತೆಲುಗಿನವರ ಜೊತೆ ತೆಲುಗಿನಲ್ಲೇ ಜಗಳವಾಡುತ್ತೇನೆ. ಇಲ್ಲಿಯವರಿಗೆ ನಾನು ಇನ್ನೂ ಗುರುಗುಂಟಾ ಕಡೆಯವಳು. ಗುರುಗುಂಟಾ ಕಡೆಯವರಿಗೆ ಮೈದುನನನ್ನು ಜೈಲಿಗೆ ಕಳಿಸಿದವಳು. ಸಂತೆಕಲ್ಲೂರಿನವರಿಗೆ ಬಾಗಿಲು ತೆಗೆಯದವಳು. ಮೂರೂ ನಿಜ. ಆ ಕಡೆಯಿಂದ ಜೋಳದ ಬಂಡಿ ಬಂತೆಂದರೆ ಸಂತೆಗೆ ಓಡಿಹೋಗಿ ಒಂದು ಹಿಡಿ ಕಾಳು ಮೂಸಿ ನೋಡುತ್ತೇನೆ. ಬಂಡಿಯವರು ಯಾವೂರವ್ವ ಎಂದು ಕೇಳಿದರೆ ಊರಿನ ಹೆಸರನ್ನೂ ನನ್ನ ಹೆಸರನ್ನೂ ಹೇಳುತ್ತೇನೆ. ಕೆಲವರು ಜೋಳ ಅಳೆದು ಕೊಡುತ್ತಾರೆ. ಕೆಲವರು ನನ್ನ ಕೈಯಲ್ಲಿದ್ದ ಕಾಳನ್ನು ಮರಳಿ ಚೀಲಕ್ಕೆ ಹಾಕಿಸಿಕೊಳ್ಳುತ್ತಾರೆ.