ಅಮಾವಾಸ್ಯೆಯ ಗ್ರೀಸು

ಬಸವಕಲ್ಯಾಣದಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ನನ್ನ ಕೆಲಸದಲ್ಲಿ ಯಾರಾದರೂ ಕೊಂಕು ತೆಗೆದರೆ ಮೂಗಿನ ತುದಿಗೇ ಸಿಟ್ಟು ಬರುತ್ತದೆ. ಹುಮನಾಬಾದಿನ ಬೇಳೆ ಮಿಲ್ಲಿನ ಒಡತಿ ಅಕ್ಕ ಫೋನು ಮಾಡಿದ ದಿನವಂತೂ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

"ನೀವು ಹಾಕಿದ್ದು ಡುಪ್ಲಿಕೇಟ್ ಬೇರಿಂಗ್ ಅದರಿ. ಮೋಟಾರ್ ಮತ್ತ ಸುಟ್ಟದ. ಇನ್ನೊಮ್ಮೆ ಹಿಂಗಾದ್ರ ಊರ ಮಿಲ್ಲಿನವ್ರಿಗೆಲ್ಲಾ ಹೇಳ್ತೀನಿ ನೋಡ್ರಿ."

ಆ ಊರಿನ ಮಿಲ್ಲುಗಳೇ ನನ್ನ ಅನ್ನ. ಸಿಟ್ಟಿನ ಜೊತೆ ಹೆದರಿಕೆಯೂ ಆಯಿತು. ಪಾನಾ, ಸ್ಕ್ರೂಡ್ರೈವರುಗಳ ಚೀಲ ಎತ್ತಿಕೊಂಡು ಬಸ್ ಹತ್ತಿದೆ.

ಅಕ್ಕನ ಎದುರಿಗೇ ಮೋಟಾರಿನ ಮುಚ್ಚಳ ಬಿಚ್ಚಿದೆ. ಬೇರಿಂಗಿನ ಸುತ್ತ ಒಂದಿಷ್ಟೂ ಜಾಗವಿಲ್ಲ, ಬರೀ ಗ್ರೀಸು. ಅದೂ ಕಪ್ಪಾಗಿ, ತೆಳ್ಳಗಾಗಿ, ಒಳಗಿನ ತಾಮ್ರದ ಸುರುಳಿಯ ತನಕ ಇಳಿದಿತ್ತು.

"ಇಷ್ಟು ಗ್ರೀಸ್ ಯಾರ್ ತುಂಬ್ಯಾರ್ರಿ?" ಎಂದು ಗುಡುಗಿದೆ.

ಮಿಲ್ಲಿನ ಯಂತ್ರ ಓಡಿಸುವ ಕಾಕಾ ಹೆಮ್ಮೆಯಿಂದ ಮುಂದೆ ಬಂದರು. "ನಾನೇ. ಪ್ರತಿ ಅಮಾಸಿಗಿ ಕುಂಕುಮ ಹಚ್ಚಿ, ಕಾಯಿ ಒಡದು, ಹೊಟ್ಟಿ ತುಂಬಾ ಹಾಕ್ತೀನಿ." ತೋರಿಸಿದ ಡಬ್ಬಿ ಟ್ರ್ಯಾಕ್ಟರಿನ ಗ್ರೀಸಿನದು.

ನನಗೆ ನಗು ಬಂತು, ಸಿಟ್ಟು ಅರ್ಧ ಇಳಿಯಿತು. "ಕಾಕಾ, ತುಂಬಿದ ಗ್ರೀಸಿನ್ಯಾಗ ಬೇರಿಂಗಿನ ಗುಂಡು ಈಜಾಡ್ಬೇಕಾಗ್ತದ. ಅದಕ್ಕೇ ಬಿಸಿ ಏರ್ತದ, ಎಣ್ಣಿ ಬ್ಯಾರೆ ಆಗಿ ಹರೀತದ. ಮ್ಯಾಲ ಇದರ ಗ್ರೀಸ್ ಬ್ಯಾರೆ, ನಿಮ್ಮ ಡಬ್ಬಿದು ಬ್ಯಾರೆ. ಎರಡೂ ಕೂಡಿ ಸಾರಾಗ್ಯಾವ."

ಬೇರಿಂಗಿನ ಕೆಳಗಿನ ಬಿರಡೆಯನ್ನು ತೋರಿಸಿದೆ. ಹಳೆ ಗ್ರೀಸು ಹೊರಬೀಳುವ ದಾರಿ ಅದು. ಇಲ್ಲಿ ಅದು ಬಣ್ಣದ ಕೆಳಗೆ ಮುಚ್ಚಿಹೋಗಿತ್ತು, ಯಾರೂ ಬಿಚ್ಚಿರಲಿಲ್ಲ. ಸುಟ್ಟ ಸುರುಳಿಯನ್ನು ಅಂಗಡಿಯಲ್ಲಿ ಮತ್ತೆ ಸುತ್ತಿ ತಂದು, ಹೊಸ ಬೇರಿಂಗಿಗೆ ಮೋಟಾರ್ ಕಂಪನಿ ಹೇಳಿದ ಗ್ರೀಸನ್ನೇ ಹಾಕಿದೆ. ಇಂಥ ಧೂಳಿನ ಮಿಲ್ಲಿನಲ್ಲೂ ಈ ಮೋಟಾರಿಗೆ ಆರು ತಿಂಗಳಿಗೊಮ್ಮೆ ಸಾಕು, ಅದೂ ಅಡಿಗೆಯ ಎರಡು ಚಮಚದಷ್ಟು. ಗ್ರೀಸು ತುಂಬುವ ನಿಪ್ಪಲ್ ಒರೆಸಿ, ಬಿರಡೆ ತೆಗೆದು, ಮೋಟಾರ್ ಓಡುವಾಗಲೇ ನಿಧಾನವಾಗಿ ಗ್ರೀಸು ಒತ್ತಬೇಕು. ಹೆಚ್ಚಾದದ್ದು ಹೊರಬಿದ್ದ ಮೇಲೆ ಬಿರಡೆ ಮುಚ್ಚಬೇಕು. ಇದನ್ನೆಲ್ಲ ಕಾಕಾಗೆ ಬಿಡಿಸಿ ಹೇಳಿದೆ.

ಕಾಕಾ ಮುಖ ಸಣ್ಣದು ಮಾಡಿದರು. "ಮತ್ತ ಅಮಾಸಿಗಿ ನಾ ಏನ್ ಮಾಡ್ಲಿ? ಬರೀ ಕುಂಕುಮ ಹಚ್ಚಿದ್ರ ಮನಸ್ಸು ಒಪ್ಪಂಗಿಲ್ಲ." ಮೋಟಾರಿನ ಮೇಲೆ ಅವರಿಗೆ ಅಷ್ಟು ಅಕ್ಕರೆ. ಕೈಗೆ ಒಂದು ಬಟ್ಟೆ ಕೊಟ್ಟು, "ಮೋಟಾರ್ ಬಂದ್ ಇದ್ದಾಗ ಮೈ ಮ್ಯಾಲಿನ ಧೂಳು ಒರಸ್ರಿ. ಅದು ತಣ್ಣಗ ಇರ್ತದ" ಎಂದೆ.

ಅಮಾವಾಸ್ಯೆಗಳು ಕಳೆದವು. ಮೋಟಾರ್ ತೆಪ್ಪಗೆ ಓಡುತ್ತಿತ್ತು. ಒಂದು ಮಧ್ಯಾಹ್ನ ಅಕ್ಕನ ಫೋನು. "ಊರ ಮಿಲ್ಲಿನವ್ರಿಗೆಲ್ಲಾ ಹೇಳೀನ್ರಿ."

ಫೋನನ್ನು ಕಿವಿಗೆ ಒತ್ತಿ ಹಿಡಿದೆ. "ಏನಂತ್ರಿ ಅಕ್ಕಾ?"

"ಗ್ರೀಸ್ ಹಾಕೂದಕ್ಕಿಂತ ಮೊದ್ಲ ನಿಮ್ಮನ್ನ ಕೇಳ್ರಿ ಅಂತ."